ಬಾಣದ ಪಕ್ಕ ಒಂದು ಕಾರಣ

ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆಯ ಎರಡು ರೇಖೆ ಎಳೆಯುತ್ತಾರೆ. ಪೂರೈಕೆ ರೇಖೆಯ ಪಕ್ಕ ಇನ್ನೊಂದನ್ನು ಎಳೆದು, ನಡುವೆ ಬಾಣ ಹಾಕಿ ಮುಂದೆ ಹೋಗುತ್ತಾರೆ. ನೋಟ್ಸಿನಲ್ಲಿ ಉಳಿಯುವುದು ಆ ಬಾಣವಷ್ಟೇ. ರೇಖೆಯನ್ನು ತಳ್ಳಿದ್ದು ಏನು ಎಂಬ ವಿವರಣೆ ಮಾತಿನಲ್ಲೇ ಮುಗಿದುಹೋಗಿರುತ್ತದೆ. ಆ ಮಾತನ್ನು ಚಿತ್ರದ ಮೇಲೇ ಬರೆದಿಡುವುದು ಹೇಗೆಂದು ಟೊಮೆಟೊ ಹಿಡಿದು ನೋಡೋಣ.

2023ರ ಜುಲೈನಲ್ಲಿ ಊರೂರಲ್ಲೂ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಕೋಲಾರದ ಮಂಡಿಯ ಚಿತ್ರ ಬರೆಯುವುದಾದರೆ ಪೂರೈಕೆ ರೇಖೆ ಎಡಕ್ಕೆ ಸರಿಯಬೇಕು. ಬಾಣದ ಪಕ್ಕ ಹೀಗೆ ಬರೆಯಿರಿ: ‘ಬಿಸಿಲು, ಎಲೆ ಮುರುಟು ರೋಗ; ಅದೇ ದರಕ್ಕೆ ಮಂಡಿಗೆ ಬರುವ ಬಾಕ್ಸ್ ಕಡಿಮೆ’. ಇದರಲ್ಲಿ ‘ಅದೇ ದರಕ್ಕೆ’ ಎಂಬ ಮಾತನ್ನು ಬಿಡುವಂತಿಲ್ಲ. ಎಡಕ್ಕೆ ಸರಿದ ಪೂರೈಕೆ ರೇಖೆ ಕಣ್ಣಿಗೆ ಮೇಲೇರಿದಂತೆ ಕಾಣುವುದರಿಂದ, ಪೂರೈಕೆ ಹೆಚ್ಚಿತು ಎಂದು ಬರೆದುಬಿಡುವ ವಿದ್ಯಾರ್ಥಿಗಳು ಬಹಳ. ಬಾಣವನ್ನು ಅಡ್ಡಡ್ಡಲಾಗಿಯೇ ಎಳೆದರೆ ಈ ಗೊಂದಲ ಹುಟ್ಟುವುದಿಲ್ಲ.

ದರ ಏರಿದ ಮೇಲೆ ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣು ಬಂತು. ಹಾಗಾದರೆ ಬೇಡಿಕೆ ರೇಖೆಯೂ ಎಡಕ್ಕೆ ಸರಿಯಿತೇ? ಇಲ್ಲ. ಜನ ಕಡಿಮೆ ಕೊಂಡದ್ದು ದರ ಏರಿದ್ದಕ್ಕೆ. ಆದ್ದರಿಂದ ಇದ್ದ ರೇಖೆಯ ಮೇಲೇ ಚುಕ್ಕಿ ಮೇಲಕ್ಕೆ ಜರುಗುತ್ತದೆ, ಅಷ್ಟೆ. ಅಲ್ಲಿ ಬೇರೆ ಬಣ್ಣದಲ್ಲಿ ‘ದರಕ್ಕೆ ಜನರ ಉತ್ತರ’ ಎಂದು ಗುರುತು ಹಾಕಿ. ರೇಖೆಯನ್ನೇ ಸರಿಸಲು ಹೊರಟರೆ ದರ ಇಳಿದಂತಾಗಿ, ಹೇಳಹೊರಟ ಕತೆಯೇ ತಿರುವುಮುರುವಾಗುತ್ತದೆ. ತಪ್ಪು ಹಿಡಿಯುವುದು ಸುಲಭ: ಬರೆದ ಕಾರಣದಲ್ಲಿ ಅದೇ ಮಾಲಿನ ಇವತ್ತಿನ ದರ ಇದ್ದರೆ ರೇಖೆ ಅಲುಗಬಾರದು.

‘ಇವತ್ತಿನ’ ಎಂದದ್ದಕ್ಕೆ ಕಾರಣವಿದೆ. ಹಿಂದಿನ ಬೆಳೆಗೆ ದರ ಸಿಗದೆ ಕೈಸುಟ್ಟುಕೊಂಡ ರೈತ ಈ ಸಲ ಕಡಿಮೆ ನಾಟಿ ಮಾಡುತ್ತಾನೆ. ಆ ಹಳೇ ದರ ಈಗಿನ ಪೂರೈಕೆ ರೇಖೆಯನ್ನು ಸರಿಸುತ್ತದೆ. ಜುಲೈನ ದರ ಕಂಡು ನೆಟ್ಟವರ ಫಸಲು ಬರುವಾಗ ಅದೇ ರೇಖೆ ಬಲಕ್ಕೆ ಹೋಗುತ್ತದೆ. ಆ ವರ್ಷದ ಸೆಪ್ಟೆಂಬರಿಗೆ ದರ ನೆಲಕಚ್ಚಿದ್ದರಲ್ಲಿ ಇದರ ಪಾಲೂ ಇತ್ತು. ಹಾಗಾಗಿ ಪ್ರತಿ ರೇಖೆಯ ತುದಿಗೂ ತಿಂಗಳ ಹೆಸರು ಬರೆಯುವುದು ಒಳ್ಳೆಯದು.

ಊರಿನ ಹೆಸರೂ ಬೇಕು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಆಂಧ್ರ, ಕರ್ನಾಟಕ, ಮಹಾರಾಷ್ಟ್ರದ ಮಂಡಿಗಳಲ್ಲಿ ಟೊಮೆಟೊ ಕೊಳ್ಳಲು ಹೇಳಿ, ದೆಹಲಿಯಲ್ಲಿ ಮೊದಲಿಗೆ ಕೆ.ಜಿ.ಗೆ 90 ರೂಪಾಯಿಯಂತೆ ಮಾರಿಸಿತು. ಕೊಂಡ ಮಂಡಿಯ ಚಿತ್ರದಲ್ಲಿ ಬೇಡಿಕೆ ರೇಖೆ ಬಲಕ್ಕೆ, ದೆಹಲಿಯ ಚಿತ್ರದಲ್ಲಿ ಪೂರೈಕೆ ರೇಖೆ ಬಲಕ್ಕೆ. ಒಂದೇ ಲಾರಿಯ ಮಾಲು ಕೊಂಡ ಕಡೆ ದರ ಏರಿಸುತ್ತದೆ, ಮಾರಿದ ಕಡೆ ಇಳಿಸುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಸರ್ಕಾರ ಮಾಡಿದ್ದೇನು ಎಂಬುದೇ ತಿಳಿಯುವುದಿಲ್ಲ.