ಕೇಳದ ಮಾತು ಕೇಳಿದಂತೆ ಆಗುವುದು ಹೇಗೆ?

ರಾಯಚೂರಿನ ಎಪಿಎಂಸಿಯ ಹತ್ತಿ ಅಂಗಳದಿಂದ ದೇವದುರ್ಗಕ್ಕೆ ಒಂದು ವಾಯ್ಸ್ ನೋಟ್ ಬಂದಿದೆ ಎಂದುಕೊಳ್ಳಿ. ಹದಿಮೂರು ಸೆಕೆಂಡಿನ ಮಾತು. ಹಿಂದೆ ಟ್ರ್ಯಾಕ್ಟರಿನ ಎಂಜಿನ್ ಗುಡುಗುಡು ಅನ್ನುತ್ತಿದೆ, ನಡುವೆ ಲಾರಿಯ ಹಾರ್ನ್, ಸುತ್ತ ಜನರ ಕೂಗಾಟ. ಮನೆಯ ಹಿರಿಯರಿಗೆ ಸರಿಯಾಗಿ ಕೇಳಿಸಿಲ್ಲ. ಕಿವಿ ಚುರುಕಾಗಿರುವ ಹುಡುಗನ ಕೈಗೆ ಫೋನ್ ಕೊಟ್ಟು, "ಏನಂದಾನ ನೋಡು" ಅನ್ನುತ್ತಾರೆ. ಅವರು ಕೇಳಿದ್ದು ಅಷ್ಟೇ. ಮಾಲು ಮಾರಬೇಕೋ ಬೇಡವೋ ಎಂಬ ಸಲಹೆಯನ್ನೂ ಕೇಳಿಲ್ಲ, ಒಟ್ಟು ಸಾರಾಂಶವನ್ನೂ ಕೇಳಿಲ್ಲ. ಆಡಿದ ಮಾತು ಆಡಿದ ಹಾಗೆ ಬೇಕು. ಹುಡುಗ ಎರಡು ಸಲ ಕೇಳಿ ಹೀಗೆ ಬರೆದುಕೊಡುತ್ತಾನೆ:

"ಕಾಕಾ, ಇವತ್ತ ರಾಯಚೂರಾಗ ಹತ್ತಿ ರೇಟು ಏಳು ಸಾವಿರದ ಮುನ್ನೂರ ಅದ. ನಾಳಿ ಮಾನವಿ ಗಾಡಿ ಬರ್ತದ. ಮಾಲು ಅದರಾಗ ಹಾಕ್ರಿ."

ಓದಲು ನೀಟಾಗಿದೆ. ಆದರೆ ಇದರಲ್ಲಿ ಎರಡು ಕಡೆ ಹುಡುಗ ಕೇಳಿದ್ದನ್ನು ಬರೆದಿಲ್ಲ, ಊಹಿಸಿದ್ದನ್ನು ಬರೆದಿದ್ದಾನೆ. ಸುಳ್ಳು ಬರೆಯುವ ಉದ್ದೇಶ ಅವನಿಗಿಲ್ಲ. ಆ ಪದಗಳು ಅವನಿಗೆ ನಿಜವಾಗಿಯೂ ಕೇಳಿಸಿದವು.

ಮೊದಲ ಜಾಗ "ಮುನ್ನೂರ". ಇನ್ನೂರು ಮತ್ತು ಮುನ್ನೂರು ಬೇರೆಯಾಗುವುದು ಮೊದಲ ಅಕ್ಷರದಲ್ಲಿ ಮಾತ್ರ. "ನ್ನೂರು" ಎರಡಕ್ಕೂ ಒಂದೇ. ಅಂದರೆ ಕಿವಿ ಗುರುತಿಸಬೇಕಾದದ್ದು "ಇ" ಮತ್ತು "ಮು" ನಡುವಿನ ವ್ಯತ್ಯಾಸವನ್ನು. ನಾವು ಸ್ವರ ನುಡಿಯುವಾಗ ಬಾಯಿಯೊಳಗಿನ ಗಾಳಿ ಕೆಲವು ಕಂಪನಾಂಕಗಳನ್ನು ಹೆಚ್ಚು ಬಲಪಡಿಸುತ್ತದೆ. "ಇ" ಮತ್ತು "ಉ" ಎರಡರಲ್ಲೂ ಮೊದಲನೆಯ ಬಲ ಸುಮಾರು 300 ಹರ್ಟ್ಸ್ ಆಸುಪಾಸಿನಲ್ಲೇ ಇರುತ್ತದೆ. ಇವನ್ನು ಬೇರ್ಪಡಿಸುವುದು ಎರಡನೆಯದು: "ಇ"ಗೆ ಅದು 2000 ಹರ್ಟ್ಸ್ ದಾಟುತ್ತದೆ, "ಉ"ಗೆ 1000ದ ಕೆಳಗೇ ಉಳಿಯುತ್ತದೆ. ಅದೇ ಹೊತ್ತಿಗೆ ಹಾರ್ನ್ ಬಾರಿಸಿದರೆ, ಅದರ ತೀಕ್ಷ್ಣ ಸದ್ದು ಈ ಮೇಲಿನ ಭಾಗವನ್ನೆಲ್ಲ ಮುಚ್ಚಿಬಿಡುತ್ತದೆ. ಇನ್ನುಳಿದ ಸುಳಿವು "ಮ್". ಮೂಗಿನಿಂದ ಬರುವ ಆ ಸದ್ದಿನ ಬಲವೆಲ್ಲ ಕೆಳಗಿನ ಕಂಪನಾಂಕಗಳಲ್ಲಿ. ಅಲ್ಲಿ ಟ್ರ್ಯಾಕ್ಟರಿನ ಎಂಜಿನ್ ಕೂತಿದೆ. ಹೀಗೆ ಒಂದು ಸದ್ದು ಮೇಲಿನ ಸುಳಿವನ್ನೂ ಇನ್ನೊಂದು ಕೆಳಗಿನ ಸುಳಿವನ್ನೂ ಮುಚ್ಚಿದರೆ, ಫೋನಿನಲ್ಲಿ ಉಳಿಯುವುದು "…ನ್ನೂರ" ಮಾತ್ರ. ಎಷ್ಟು ಸಲ ಹಚ್ಚಿ ಕೇಳಿದರೂ ಇಲ್ಲದ್ದು ಬರುವುದಿಲ್ಲ.

ಹಾಗಾದರೆ ಹುಡುಗನಿಗೆ "ಮು" ಎಲ್ಲಿಂದ ಕೇಳಿಸಿತು? ಇದಕ್ಕೆ ಉತ್ತರ 1970ರಲ್ಲೇ ಸಿಕ್ಕಿದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರೆನ್ ಒಂದು ಇಂಗ್ಲಿಷ್ ವಾಕ್ಯವನ್ನು ಮುದ್ರಿಸಿಕೊಂಡು, ಅದರ ಒಂದು ಪದದಲ್ಲಿ "ಸ್" ಧ್ವನಿಯನ್ನು ಪೂರ್ತಿ ಕತ್ತರಿಸಿ, ಆ ಜಾಗದಲ್ಲಿ ಕೆಮ್ಮಿನ ಸದ್ದು ಸೇರಿಸಿದರು. ಕೇಳಿದ 20 ಜನರಲ್ಲಿ 19 ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲ ಅಂದರು. ಉಳಿದ ಒಬ್ಬರು ಬಿಟ್ಟುಹೋದದ್ದೆಂದು ತೋರಿಸಿದ್ದು ಬೇರೊಂದು ಧ್ವನಿಯನ್ನು. ಕೆಮ್ಮು ಯಾವ ಅಕ್ಷರದ ಮೇಲೆ ಬಿತ್ತೆಂದು ಯಾರಿಗೂ ನಿಖರವಾಗಿ ಹೇಳಲಾಗಲಿಲ್ಲ. ಅದೇ ಜಾಗವನ್ನು ಖಾಲಿ ಬಿಟ್ಟರೆ ಮಾತ್ರ ಕೇಳುಗರಿಗೆ ಕೊರತೆ ಗೊತ್ತಾಗುತ್ತಿತ್ತು. ಮಾತು ಕಡಿದುಹೋದರೆ ಮಿದುಳಿಗೆ ಅರಿವಾಗುತ್ತದೆ. ಮಾತಿನ ಮೇಲೆ ಸದ್ದು ಬಿದ್ದರೆ, ಅದರ ಹಿಂದೆ ಮಾತು ಇದ್ದೇ ಇರಬೇಕೆಂದು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಗದ್ದಲದ ವಾಯ್ಸ್ ನೋಟ್ ನಮ್ಮನ್ನು ಮೋಸಗೊಳಿಸುವುದು ಹೀಗೆ. ನಿನ್ನೆ ಪೇಟೆಯಲ್ಲಿ ಮುನ್ನೂರು ಎಂದು ಕೇಳಿದ್ದವನಿಗೆ ಇವತ್ತೂ ಮುನ್ನೂರೇ ಕೇಳಿಸುತ್ತದೆ.

ಎರಡನೆಯ ಜಾಗ ಕೊನೆಯ ಪದ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ಬೇಕು ಬೇಡ ಎಂಬುದು ಆ ಪದದ ತುದಿಗೆ. "ಹಾಕ್ರಿ", "ಹಾಕಬ್ಯಾಡ್ರಿ" ಎರಡೂ ಶುರುವಾಗುವುದು "ಹಾಕ್" ಎಂದೇ. ಮಾತಿನ ಕೊನೆಗೆ ಉಸಿರು ಇಳಿದು ದನಿ ತಗ್ಗುತ್ತದೆ. ಸಾಲದ್ದಕ್ಕೆ ಮಾತು ಮುಗಿಯುವ ಮೊದಲೇ ಹೆಬ್ಬೆರಳು ಮೈಕಿನ ಗುಂಡಿಯಿಂದ ಮೇಲೇಳುತ್ತದೆ. ಹಾಗಾಗಿ ನಮ್ಮ ಭಾಷೆಯ ವಾಯ್ಸ್ ನೋಟಿನಲ್ಲಿ ಮೊದಲು ಕಳೆದುಹೋಗುವುದು ಹೂಂ, ಊಹೂಂ ಹೇಳುವ ಆ ತುದಿಯೇ. ಇಲ್ಲಿ ಗದ್ದಲಕ್ಕಿಂತ ಈ ಕಡಿತದ ಮೇಲೆ ಹೆಚ್ಚು ನಿಗಾ ಬೇಕು.

ಮಾತನ್ನು ಬರಹ ಮಾಡುವ ಕಂಪ್ಯೂಟರ್ ತಂತ್ರಾಂಶಗಳೂ ಇದೇ ತಪ್ಪು ಮಾಡುತ್ತವೆ. 2022ರಲ್ಲಿ ಬಂದ ವಿಸ್ಪರ್ ಎಂಬ ತಂತ್ರಾಂಶವನ್ನು 6,80,000 ಗಂಟೆಗಳ ಧ್ವನಿಯಿಂದ ತರಬೇತುಗೊಳಿಸಿದ್ದರು; ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಇಂಗ್ಲಿಷ್, ಕನ್ನಡದ್ದು ತೀರಾ ಚಿಕ್ಕ ಪಾಲು. ಅದು ಧ್ವನಿಯನ್ನು ನೋಡುತ್ತಲೇ, ಹಿಂದಿನ ಪದಗಳ ನಂತರ ಯಾವ ಪದ ಬರುವುದು ಸಹಜ ಎಂದೂ ಲೆಕ್ಕ ಹಾಕುತ್ತದೆ. ಧ್ವನಿ ಮಸುಕಾದಷ್ಟೂ ಈ ಲೆಕ್ಕದ ಕೈ ಮೇಲಾಗುತ್ತದೆ. ಇಂಗ್ಲಿಷ್ ಧ್ವನಿಮುದ್ರಣಗಳ ಮೇಲೆ ಅಮೆರಿಕದ ಸಂಶೋಧಕರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಒಂದರಷ್ಟು ತುಣುಕುಗಳಲ್ಲಿ ಯಾರೂ ಆಡದ ಪದಗಳೇ ಬರಹಕ್ಕೆ ಬಂದಿದ್ದವು. ಮಾತಿನ ನಡುವೆ ಮೌನ ಹೆಚ್ಚಿದ್ದವರ ದನಿಯಲ್ಲಿ ಹೀಗಾಗುವುದು ಇನ್ನೂ ಹೆಚ್ಚು. ಹೊರಗೆ ಬಂದ ವಾಕ್ಯದ ವ್ಯಾಕರಣ ಮಾತ್ರ ಸರಿಯಿರುತ್ತದೆ, ಹಾಗಾಗಿ ಓದುವವರಿಗೆ ಸಂಶಯ ಬರುವುದಿಲ್ಲ.

ತುಂಬಿಕೊಂಡ ಪದವನ್ನು ಹಿಡಿಯುವುದು ಹೇಗೆ? ಆ ಪದವನ್ನಷ್ಟೇ ಕತ್ತರಿಸಿ ಕೇಳಿದರೆ ಪ್ರಯೋಜನ ಕಡಿಮೆ. ಸ್ಪಷ್ಟವಾದ ಮಾತಿನಿಂದ ತೆಗೆದ ಒಂಟಿ ಪದಗಳೂ ಎಷ್ಟೋ ಸಲ ಗುರುತು ಸಿಗುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಬದಲಿ ಪದವನ್ನು ಹಚ್ಚಿ ನೋಡುವುದು. "ಇನ್ನೂರ" ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಅಂದುಕೊಂಡು ಅದೇ ಜಾಗ ಕೇಳಿ. ಆಮೇಲೆ "ಮುನ್ನೂರ" ಅಂದುಕೊಂಡು ಕೇಳಿ. ಒಂದು ಪದ ಒಪ್ಪಿ ಇನ್ನೊಂದು ಕಿವಿಗೆ ಒರಟಾಗಿ ತಾಕಿದರೆ, ಸುಳಿವು ಉಳಿದಿದೆ ಎಂದರ್ಥ. ಎರಡೂ ಒಂದೇ ರೀತಿ ಹೊಂದಿದರೆ ಅಲ್ಲಿ ಧ್ವನಿ ಇಲ್ಲ, ನಿಮ್ಮ ಊಹೆ ಇದೆ. ಇಯರ್‌ಫೋನ್ ಹಾಕಿಕೊಂಡು ಮಾಡಿದರೆ ಪರೀಕ್ಷೆ ಇನ್ನೂ ನಂಬಿಕೆಗೆ ಅರ್ಹ. ಇನ್ನೊಬ್ಬರಿಂದ ಕೇಳಿಸುವುದಾದರೆ ನೀವು ಬರೆದದ್ದನ್ನು ಮೊದಲು ತೋರಿಸಬೇಡಿ. ಓದಿದವರ ಕಿವಿಗೆ ಓದಿದ್ದೇ ಕೇಳಿಸುತ್ತದೆ.

ಹಾಗೆ ಮಾಡಿದ ಮೇಲೆ ಹುಡುಗನ ಬರಹ ಹೀಗಾಗುತ್ತದೆ:

"ಕಾಕಾ, ಇವತ್ತ ರಾಯಚೂರಾಗ ಹತ್ತಿ ರೇಟು ಏಳು ಸಾವಿರದ [ಇನ್ನೂರ ಅಥವಾ ಮುನ್ನೂರ, 0:05] ಅದ. ನಾಳಿ ಮಾನವಿ ಗಾಡಿ ಬರ್ತದ. ಮಾಲು ಅದರಾಗ ಹಾಕ್… [ಮುಂದೆ ಕೇಳಿಸದು, 0:12]"

ಇಲ್ಲಿ ಎರಡು ಬಗೆಯ ಗುರುತುಗಳಿವೆ. ಒಂದು, ಪದ ಅರ್ಧ ಕೇಳಿದ್ದು, ಆಯ್ಕೆ ಇಷ್ಟರಲ್ಲೇ ಎನ್ನುವುದು. ಇನ್ನೊಂದು, ಏನೂ ಉಳಿದಿಲ್ಲ ಎನ್ನುವುದು. ಎರಡಕ್ಕೂ ಬರೀ ಚುಕ್ಕಿ ಇಟ್ಟರೆ ಓದುವವರಿಗೆ ಈ ಭೇದ ತಪ್ಪಿಹೋಗುತ್ತದೆ. ಪಕ್ಕದ ಸೆಕೆಂಡಿನ ಲೆಕ್ಕದಿಂದ ಅವರೇ ನೇರವಾಗಿ ಆ ಜಾಗಕ್ಕೆ ಹೋಗಿ ಕೇಳಬಹುದು. "ಅದ", "ನಾಳಿ" ಹಾಗೆಯೇ ಉಳಿದಿವೆ. ಪುಸ್ತಕದ ಕನ್ನಡಕ್ಕೆ ತಿದ್ದುತ್ತ ಹೋದರೆ ಕೇಳಿದ್ದು ಯಾವುದು, ತಿದ್ದಿದ್ದು ಯಾವುದು ಎಂಬ ಗೆರೆ ಬರೆಯುವವನಿಗೇ ಅಳಿಸಿಹೋಗುತ್ತದೆ.

ಈ ಗುರುತುಗಳನ್ನು ಕೇಳುತ್ತಿರುವಾಗಲೇ ಹಾಕಬೇಕು. ಬರೆದು ಮುಗಿಸಿ ಮತ್ತೆ ಓದುವ ಹೊತ್ತಿಗೆ ಊಹೆಯೂ ಕೇಳಿದ ಮಾತಿನ ಹಾಗೇ ನೆನಪಿನಲ್ಲಿ ಕೂತಿರುತ್ತದೆ. ಇನ್ನು ಮಾತಾಡಿದವನಿಗೆ ಫೋನ್ ಮಾಡುವಾಗಲೂ ಒಂದು ಎಚ್ಚರ ಬೇಕು. "ಮುನ್ನೂರ ಅಂದೆಲ್ಲಾ?" ಎಂದರೆ ಅದೇ ಗದ್ದಲದಲ್ಲಿ ನಿಂತವನು "ಹೂಂ" ಅಂದುಬಿಡುತ್ತಾನೆ. "ರೇಟು ಎಷ್ಟ ಅಂದಿ? ಮಾಲು ಹಾಕೂದೋ, ಬ್ಯಾಡೋ?" ಎಂದು ಕೇಳಬೇಕು. ಆಗ ಸಂಖ್ಯೆಯೂ ಬೇಕು ಬೇಡವೂ ಅವನ ಬಾಯಿಂದಲೇ ಬರುತ್ತವೆ.