ಕ್ಯಾಲೆಂಡರ್ ಒಂದು, ಕೆಲಸ ಮೂರು

ಬಫರ್, ಹೂಟ್‌ಸೂಟ್, ಲೇಟರ್‌ ಥರದ ಶೆಡ್ಯೂಲಿಂಗ್ ಟೂಲ್ ಯಾವುದನ್ನು ತೆರೆದರೂ ಎದುರಿಗೆ ಕಾಣುವುದು ವಾರದ ಕ್ಯಾಲೆಂಡರ್. ಇನ್‌ಸ್ಟಾಗ್ರಾಂಗೆ ಹಾಕಬೇಕಾದದ್ದನ್ನು ಅದರ ಮನೆಗಳಲ್ಲಿ ತುಂಬಿ, ದಿನ-ಹೊತ್ತು ಗೊತ್ತುಮಾಡಿದರೆ ಮುಗಿಯಿತು, ಉಳಿದದ್ದನ್ನು ಟೂಲ್ ನೋಡಿಕೊಳ್ಳುತ್ತದೆ ಎಂಬ ಭಾವನೆ ಬರುತ್ತದೆ. ಫೀಡ್‌ನ ಫೋಟೊ ಪೋಸ್ಟ್‌ಗೂ ರೀಲ್ಸ್‌ಗೂ ಸ್ಟೋರಿಗೂ ಅಲ್ಲಿರುವುದು ಒಂದೇ ಬಗೆಯ ಮನೆ. ಆದರೆ ಹೊತ್ತು ಬಂದಾಗ ಈ ಮೂರಕ್ಕೂ ನಡೆಯುವ ಕೆಲಸ ಬೇರೆ ಬೇರೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಇನ್‌ಸ್ಟಾಗ್ರಾಂನ ಮಾಲೀಕ ಸಂಸ್ಥೆ ಮೆಟಾ ಹೊರಗಿನ ಟೂಲ್‌ಗಳಿಗಾಗಿ ಎಪಿಐ ಎಂಬ ಬಾಗಿಲು ಇಟ್ಟಿದೆ. ಸಾಮಾನ್ಯ ಪೋಸ್ಟ್‌ಗಳಿಗೆ ಅದು ಎಲ್ಲ ಡೆವಲಪರ್‌ಗಳಿಗೂ ತೆರೆದದ್ದು 2021ರಲ್ಲಿ, ರೀಲ್ಸ್‌ಗೆ 2022ರಲ್ಲಿ, ಸ್ಟೋರಿಗೆ 2023ರಲ್ಲಿ. ಈ ಬಾಗಿಲು ವೃತ್ತಿಪರ ಖಾತೆಗಳಿಗೆ ಮಾತ್ರ. ಖಾಸಗಿ ಖಾತೆಯಿದ್ದರೆ ಟೂಲ್ ನಿಮಗೆ ನೆನಪು ಮಾಡಬಹುದೇ ಹೊರತು ತಾನೇ ಪೋಸ್ಟ್ ಮಾಡಲಾರದು. ಇನ್ನೊಂದು ಸಂಗತಿ: ‘ಇದನ್ನು ಇಂಥ ಹೊತ್ತಿಗೆ ಹಾಕು’ ಎಂದು ಈ ಬಾಗಿಲಲ್ಲಿ ಮುಂಚಿತವಾಗಿ ಹೇಳಿಡಲು ಬರುವುದಿಲ್ಲ. ಗಡಿಯಾರ ನೋಡುತ್ತ ಕೂತಿರುವುದು ಟೂಲ್‌ನ ಸರ್ವರ್. ಹೊತ್ತಾದಾಗ ಅದು ಫೈಲ್ ಇರುವ ವಿಳಾಸವನ್ನು ಮೆಟಾಗೆ ಕೊಡುತ್ತದೆ, ಮೆಟಾ ಅಲ್ಲಿಂದ ಫೈಲನ್ನು ಎಳೆದುಕೊಳ್ಳುತ್ತದೆ, ಆಮೇಲೆ ‘ಪ್ರಕಟಿಸು’ ಎಂಬ ಎರಡನೇ ಆದೇಶ ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಳಕಲ್ಲಿನ ಒಂದು ಸೀರೆ ಅಂಗಡಿಯವರು ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರಕ್ಕೆ ಮುಂಚೆ, ಬುಧವಾರ ಸಂಜೆ 7ಕ್ಕೆ ಮೂರನ್ನೂ ಹಾಕಬೇಕೆಂದಿದ್ದಾರೆ: ಐದು ಸೀರೆಗಳ ಫೋಟೊ ಪೋಸ್ಟ್, ಸೆರಗು ನೇಯುವುದನ್ನು ತೋರಿಸುವ ರೀಲ್ಸ್, ‘ಯಾವ ಬಣ್ಣ ಇಷ್ಟ?’ ಎಂದು ಕೇಳಿ ವಾಟ್ಸ್ಆ್ಯಪ್ ಲಿಂಕ್ ಕೊಡುವ ಸ್ಟೋರಿ.

ಈ ಮೂರರಲ್ಲಿ ಫೋಟೊ ಪೋಸ್ಟ್ ಸಲೀಸು. ಚಿತ್ರ, ಕ್ಯಾಪ್ಶನ್, ಹ್ಯಾಶ್‌ಟ್ಯಾಗ್ ಎಲ್ಲ ಮೊದಲೇ ಸಿದ್ಧವಿರುತ್ತವೆ. ಕ್ಯಾಪ್ಶನ್‌ಗೆ 2,200 ಅಕ್ಷರಗಳ ಮಿತಿ. ಎಡವುವುದು ಚಿತ್ರದ ಅಳತೆಯಲ್ಲಿ. ಹಲವು ಫೋಟೊಗಳನ್ನು ಒಟ್ಟಿಗೆ ಹಾಕಿದಾಗ ಮೊದಲನೆಯದರ ಅಳತೆಗೇ ಮಿಕ್ಕವನ್ನೂ ಕತ್ತರಿಸಲಾಗುತ್ತದೆ. ನಮ್ಮ ಅಂಗಡಿಯವರು ಮಗ್ಗದ ಅಡ್ಡ ಫೋಟೊವನ್ನು ಮೊದಲಿಗಿಟ್ಟು, ನಾಲ್ಕು ಸೀರೆಗಳ ಉದ್ದ ಫೋಟೊಗಳನ್ನು ಹಿಂದೆ ಇಟ್ಟರೆ, ಸೀರೆಯ ಮೇಲೂ ಕೆಳಗೂ ಕತ್ತರಿ ಬಿದ್ದು ಅಂಚೇ ಮಾಯವಾಗುತ್ತದೆ. ಐದನ್ನೂ 4:5 ಅಳತೆಯಲ್ಲಿ ಜೆಪೆಗ್ ಮಾಡಿಟ್ಟುಕೊಂಡರೆ ಈ ತಾಪತ್ರಯವಿಲ್ಲ. ಇದನ್ನು ವಾರ ಮೊದಲೇ ತುಂಬಿಟ್ಟು ನಿಶ್ಚಿಂತೆಯಿಂದ ಇರಬಹುದು.

ರೀಲ್ಸ್‌ನಲ್ಲಿ ಎರಡು ತೊಡಕುಗಳಿವೆ. ಒಂದು, ವಿಡಿಯೊ ತಕ್ಷಣ ಪ್ರಕಟವಾಗುವುದಿಲ್ಲ. ಮೆಟಾ ಅದನ್ನು ಇಳಿಸಿಕೊಂಡು ತನ್ನ ರೂಪಕ್ಕೆ ತಿರುಗಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದರ ಸ್ಥಿತಿ `IN_PROGRESS`. ಮುಗಿದರೆ `FINISHED`, ಕೆಟ್ಟರೆ `ERROR`. ಟೂಲ್ ಆಗಾಗ ವಿಚಾರಿಸುತ್ತ, `FINISHED` ಎಂದು ಉತ್ತರ ಬಂದ ಮೇಲಷ್ಟೇ ಪ್ರಕಟಿಸುತ್ತದೆ. ಹಾಗಾಗಿ 7 ಗಂಟೆಯ ರೀಲ್ಸ್ 7 ಗಂಟೆ 4 ನಿಮಿಷಕ್ಕೆ ಬಂದರೆ ಗಾಬರಿಯಾಗಬೇಕಿಲ್ಲ. ಅರ್ಧ ಗಂಟೆಯಾದರೂ ಬರದಿದ್ದರೆ ಟೂಲ್‌ನಲ್ಲಿ ‘ಫೇಲ್ಡ್’ ಎಂದು ಬಿದ್ದಿದೆಯೇ ನೋಡಿ. ಫೈಲ್‌ನ ಬಗೆ ಅಥವಾ ಅವಧಿ ಮೆಟಾದ ನಿಯಮಕ್ಕೆ ಹೊಂದಿರಲಿಕ್ಕಿಲ್ಲ.

ಇನ್ನೊಂದು ತೊಡಕು ಹಾಡಿನದು. ಇನ್‌ಸ್ಟಾಗ್ರಾಂ ಆ್ಯಪ್‌ನ ಮ್ಯೂಸಿಕ್ ಲೈಬ್ರರಿಯಿಂದ ಹಾಡು ಆರಿಸಿ ಸೇರಿಸುವುದು ಆ್ಯಪ್‌ನ ಒಳಗಿನ ಕೆಲಸ. ಟೂಲ್ ಸಾಮಾನ್ಯವಾಗಿ ಕಳಿಸುವುದು ವಿಡಿಯೊದಲ್ಲೇ ಇರುವ ಸದ್ದನ್ನು. ಮಗ್ಗದ ಲಟಪಟ ಸದ್ದು, ನೇಕಾರರ ವಿವರಣೆ ಇದ್ದರೆ ಅದೇ ಸಾಕು, ಟೂಲ್‌ಗೆ ಬಿಡಬಹುದು. ಟ್ರೆಂಡಿಂಗ್ ಹಾಡೇ ಬೇಕೆಂದರೆ ಕೈಯಿಂದ ಹಾಕುವುದೇ ವಾಸಿ. ಜೊತೆಗೆ ಕವರ್ ಚಿತ್ರ ಆರಿಸುವುದನ್ನು ಮರೆಯಬಾರದು. ಆರಿಸದೆ ಬಿಟ್ಟರೆ ವಿಡಿಯೊದ ಮೊದಲ ಫ್ರೇಮೇ ಕವರ್ ಆಗುತ್ತದೆ. ವಿಡಿಯೊ ಕತ್ತಲೆಯಿಂದ ಶುರುವಾಗಿದ್ದರೆ ಪ್ರೊಫೈಲ್‌ನಲ್ಲಿ ಒಂದು ಕಪ್ಪು ಚೌಕ ಕೂತಿರುತ್ತದೆ.

ಯೂಟ್ಯೂಬ್ ಶಾರ್ಟ್ಸ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ವಿಡಿಯೊವನ್ನು ಮೊದಲೇ ‘ಪ್ರೈವೇಟ್’ ಆಗಿ ಏರಿಸಿ, ಪ್ರಕಟವಾಗಬೇಕಾದ ಹೊತ್ತನ್ನು ಯೂಟ್ಯೂಬ್‌ಗೇ ಹೇಳಿಡಬಹುದು. ತಿರುಗಿಸುವ ಕೆಲಸವೆಲ್ಲ ಮುಂಚೆಯೇ ಮುಗಿದಿರುವುದರಿಂದ ತಪ್ಪಿದ್ದರೂ ಮುಂಚೆಯೇ ಗೊತ್ತಾಗುತ್ತದೆ.

ನಿಜವಾದ ಪೇಚು ಸ್ಟೋರಿಯದು. ಸ್ಟೋರಿ ನೋಡಿದವರು ಪೋಲ್‌ಗೆ ಉತ್ತರ ಒತ್ತುತ್ತಾರೆ, ಲಿಂಕ್ ಒತ್ತಿ ಅಂಗಡಿಗೆ ಬರುತ್ತಾರೆ. ಈ ಎರಡೂ ಸ್ಟಿಕ್ಕರ್‌ಗಳು. ಪೋಲ್, ಲಿಂಕ್, ಸ್ಥಳದ ಸ್ಟಿಕ್ಕರ್‌ಗಳನ್ನು ಅಂಟಿಸಲು ಮೆಟಾದ ಎಪಿಐ ಬಿಡುವುದಿಲ್ಲ. ಟೂಲ್ ಕಳಿಸುವುದು ಬರಿಯ ಚಿತ್ರ ಅಥವಾ ಬರಿಯ ವಿಡಿಯೊ. ಎಷ್ಟೋ ಜನ ಚಿತ್ರದ ಮೇಲೆಯೇ ‘ಇಲ್ಲಿ ಒತ್ತಿ’ ಎಂಬ ಬಟನ್ ಬಿಡಿಸಿ ಕಳಿಸುತ್ತಾರೆ. ಅದು ಬಟನ್ನಿನ ಚಿತ್ರ ಅಷ್ಟೆ. ಗಿರಾಕಿ ಎಷ್ಟು ಒತ್ತಿದರೂ ವಾಟ್ಸ್ಆ್ಯಪ್ ತೆರೆಯುವುದಿಲ್ಲ, ಮುಂದಿನ ಸ್ಟೋರಿ ಬಂದುಬಿಡುತ್ತದೆ. ಪೋಸ್ಟ್‌ಗೆ ಬರೆದಂತೆ ಕ್ಯಾಪ್ಶನ್ ಬರೆದರೂ ಸ್ಟೋರಿಯಲ್ಲಿ ಕಾಣುವುದಿಲ್ಲ. ಮಾತು ಇರಬೇಕೆಂದರೆ ಚಿತ್ರದ ಮೇಲೆಯೇ ಬರೆದಿರಬೇಕು.

ಸ್ಟೋರಿಯ ಆಯುಷ್ಯ 24 ಗಂಟೆ ಮಾತ್ರ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪೋಸ್ಟ್ ಒಂದು ಗಂಟೆ ತಡವಾದರೂ ಅಲ್ಲೇ ಇರುತ್ತದೆ, ಸ್ಟೋರಿ ಹಾಗಲ್ಲ. ಟೂಲ್‌ನ ಸಮಯ ವಲಯ ಯುಟಿಸಿಯಲ್ಲೇ ಉಳಿದಿದ್ದರೆ, 7 ಗಂಟೆ ಎಂದು ತುಂಬಿದ್ದು ನಮ್ಮ ಗಡಿಯಾರದಲ್ಲಿ ರಾತ್ರಿ 12.30ಕ್ಕೆ ಹೋಗುತ್ತದೆ. ಬುಧವಾರ ಸಂಜೆ ಫೋನ್ ಹಿಡಿದು ಕೂತ ಗಿರಾಕಿಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಖಾತೆ ಜೋಡಿಸಿದ ದಿನವೇ ಸೆಟ್ಟಿಂಗ್‌ನಲ್ಲಿ ಕೋಲ್ಕತಾ ಸಮಯ ಇದೆಯೇ ಎಂದು ನೋಡಿಕೊಳ್ಳಬೇಕು.

ಸ್ಟೋರಿಗೆ ಇರುವ ಉಪಾಯವೆಂದರೆ ಟೂಲ್‌ಗಳಲ್ಲಿರುವ ನೋಟಿಫಿಕೇಶನ್ ವಿಧಾನ. ಬುಧವಾರ 7ಕ್ಕೆ ಟೂಲ್ ತಾನೇ ಪ್ರಕಟಿಸುವ ಬದಲು ನಿಮ್ಮ ಫೋನಿಗೆ ಸೂಚನೆ ಕಳಿಸುತ್ತದೆ. ಅದನ್ನು ಒತ್ತಿದರೆ ಸಿದ್ಧಪಡಿಸಿಟ್ಟ ಚಿತ್ರದೊಂದಿಗೆ ಇನ್‌ಸ್ಟಾಗ್ರಾಂಗೆ ಹೋಗಬಹುದು. ಅಲ್ಲಿ ಪೋಲ್, ಲಿಂಕ್ ಅಂಟಿಸಿ ಹಾಕಿದರೆ ಕೆಲಸ ಒಂದೆರಡು ನಿಮಿಷದ್ದು. ಆದರೆ ಆ ಹೊತ್ತಿಗೆ ಫೋನ್ ಹಿಡಿದವರೊಬ್ಬರು ಇರಲೇಬೇಕು. ಅಂಗಡಿಯಲ್ಲಿ ಆ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಿರಬೇಕು.

ಮೂರಕ್ಕೂ ಸೇರಿದ ಎಚ್ಚರಿಕೆ ಒಂದಿದೆ. ಪಾಸ್‌ವರ್ಡ್ ಬದಲಿಸಿದರೆ ಟೂಲ್‌ಗೂ ಖಾತೆಗೂ ಇರುವ ಸಂಪರ್ಕ ಕಡಿದುಹೋಗಬಹುದು. ಕ್ಯಾಲೆಂಡರ್‌ನಲ್ಲಿ ಎಲ್ಲ ತುಂಬಿಯೇ ಕಾಣುತ್ತದೆ, ಹೊರಗೆ ಒಂದೂ ಹೋಗುವುದಿಲ್ಲ. ಹಬ್ಬದ ಹಿಂದಿನ ವಾರ ಸಂಪರ್ಕವನ್ನೊಮ್ಮೆ ಪರೀಕ್ಷಿಸಿ.

ಒಟ್ಟಿನಲ್ಲಿ ಫೋಟೊ ಪೋಸ್ಟನ್ನು ಪೂರಾ ಟೂಲ್‌ಗೆ ಬಿಡಿ. ರೀಲ್ಸನ್ನು ಸ್ವಂತ ಸದ್ದು, ಕವರ್ ಎರಡೂ ಇದ್ದರೆ ಬಿಡಿ, ಬಿಟ್ಟ ಮೇಲೆ ಒಮ್ಮೆ ನೋಡಿ. ಲಿಂಕ್ ಅಥವಾ ಪೋಲ್ ಬೇಕಾದ ಸ್ಟೋರಿಯನ್ನು ಟೂಲ್ ನೆನಪಿಸಲಿ, ಹಾಕುವುದು ನಿಮ್ಮ ಕೈಯಲ್ಲೇ ಇರಲಿ.