ಹೆಸರಿಗೊಂದು ಕೆಲಸ, ಅಡಿಬರಹಕ್ಕೊಂದು ಕೆಲಸ

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅಂಗಡಿಗಳ ಕಪಾಟಿನಲ್ಲಿ ನವಣೆ, ಸಾಮೆ, ರಾಗಿಯ ಕುರುಕಲು ತಿಂಡಿಗಳ ಸಾಲು ಉದ್ದವಾಯಿತು. ಆ ಪೊಟ್ಟಣಗಳ ಹೆಸರುಗಳನ್ನು ಒಮ್ಮೆ ಓದುತ್ತಾ ಹೋದರೆ ‘ಸಿರಿ’, ‘ಧಾನ್ಯ’, ‘ಸಾವಯವ’, ‘ನೇಚರ್’ ಎಂಬ ನಾಲ್ಕೈದು ಪದಗಳೇ ಹಿಂದುಮುಂದಾಗಿ ಕಾಣಿಸುತ್ತವೆ. ಒಳಗಿನ ತಿಂಡಿ ರುಚಿಯಾಗಿದ್ದರೂ ಮುಂದಿನ ವಾರ ಅದನ್ನೇ ಕೇಳಿ ಪಡೆಯಲು ಗಿರಾಕಿಗೆ ಹೆಸರು ನೆನಪಿರುವುದಿಲ್ಲ. ಹೆಸರು ಮತ್ತು ಅದರ ಕೆಳಗಿನ ಟ್ಯಾಗ್‌ಲೈನ್ ಎರಡೂ ಒಂದೇ ಮಾತನ್ನು ಹೇಳಲು ಹೊರಟಾಗ ಹೀಗಾಗುತ್ತದೆ.

ಜೋಡಿ ಹೇಗೆ ಕೂಡಬೇಕು ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಕುರ್ಕುರೆ. ಪೆಪ್ಸಿಕೋ ಕಂಪನಿ 1999ರಲ್ಲಿ ತಂದ ಈ ತಿಂಡಿಯ ಹೆಸರಿನಲ್ಲಿ ಹಲ್ಲಿಗೆ ಸಿಕ್ಕಾಗಿನ ಸದ್ದಿದೆ. ‘ಟೇಢಾ ಹೈ ಪರ್ ಮೇರಾ ಹೈ’ ಎಂಬ ಅಡಿಬರಹ ಆ ಸದ್ದಿನ ಗೋಜಿಗೆ ಹೋಗದೆ ತಿಂಡಿಯ ಸೊಟ್ಟ ಆಕಾರವನ್ನು ಹಿಡಿದುಕೊಂಡಿತು. ಸೊಟ್ಟಗಿದ್ದರೂ ನನ್ನದು ಎಂಬ ಅಕ್ಕರೆಯನ್ನು ಅದಕ್ಕೆ ಸೇರಿಸಿತು. ಹೆಸರು ಕಿವಿಗೆ, ಅಡಿಬರಹ ಕಣ್ಣಿಗೆ ಮತ್ತು ಮನಸ್ಸಿಗೆ. ಒಂದು ಬಿಟ್ಟದ್ದನ್ನು ಇನ್ನೊಂದು ಹೇಳಿತು.

ಆದರೆ ಸಣ್ಣ ಉದ್ದಿಮೆಗಳು ಈ ದಾರಿಯನ್ನು ಹಾಗೇ ಹಿಡಿಯುವಂತಿಲ್ಲ. ‘ಗರಿಗರಿ’, ‘ಕುರುಕಲು’ ಮುಂತಾದವು ತಿಂಡಿಯ ಗುಣವನ್ನೇ ಹೇಳುವ ಪದಗಳು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸರಕಿನ ಬಗೆಯನ್ನೋ ಗುಣವನ್ನೋ ಬರೀ ವರ್ಣಿಸುವ ಪದಗಳಿಗೆ ನೋಂದಣಿ ಸಿಗುವುದು ಕಷ್ಟ. ವರ್ಷಗಟ್ಟಲೆ ಬಳಸಿ, ಜಾಹೀರಾತು ನೀಡಿ, ಆ ಪದ ಕೇಳಿದೊಡನೆ ಜನರಿಗೆ ನಿಮ್ಮ ಸರಕೇ ನೆನಪಾಗುತ್ತದೆ ಎಂದು ತೋರಿಸಬೇಕಾಗುತ್ತದೆ. ದೊಡ್ಡ ಕಂಪನಿಗೆ ಅದರ ಖರ್ಚು ಭರಿಸಲು ಸಾಧ್ಯ, ಹಳ್ಳಿಯ ಉತ್ಪಾದಕರ ಸಂಘಕ್ಕೆ ಆಗದು.

ದೇವರ, ಪುರಾಣದ ಹೆಸರಿಟ್ಟರೆ ಸುರಕ್ಷಿತ ಎಂಬ ನಂಬಿಕೆಯೂ ಇದೆ. ಕರ್ನಾಟಕದ್ದೇ ಒಂದು ವ್ಯಾಜ್ಯ ಇದಕ್ಕೆ ಉತ್ತರ ಕೊಡುತ್ತದೆ. ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿದೆ. ‘ನಂದಿನಿ ಡಿಲಕ್ಸ್’ ಹೋಟೆಲ್ 1989ರಿಂದ ನಡೆಯುತ್ತಿದೆ. ಹೋಟೆಲಿನವರು ಆಹಾರ ಪದಾರ್ಥಗಳಿಗೂ ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಿಸಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು ಹೋಟೆಲಿನ ಪರ ತೀರ್ಪು ನೀಡಿತು. ನಂದಿನಿ ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ಹಸುವಿನ ಹೆಸರು ಎನ್ನುವುದು ನ್ಯಾಯಾಲಯ ಗಮನಿಸಿದ ಅಂಶಗಳಲ್ಲಿ ಒಂದು. ಮನೆಮನೆಗೂ ತಲುಪಿದ ಹೆಸರಿಗೇ ಈ ಮಿತಿ ಇದ್ದರೆ, ‘ಅನ್ನಪೂರ್ಣ’ ಎಂದೋ ‘ಧಾನ್ಯಲಕ್ಷ್ಮಿ’ ಎಂದೋ ಇಡುವ ಹೊಸಬರು ಎಷ್ಟು ರಕ್ಷಣೆ ನಿರೀಕ್ಷಿಸಬಹುದು?

ಇನ್ನು ‘ಸಾವಯವ’ ಎಂಬ ಪದ. ಹೆಚ್ಚು ಜನ ಎಡವುವುದು ಇಲ್ಲೇ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪದ್ಧತಿಯ ಪ್ರಮಾಣೀಕರಣ ಇಲ್ಲದೆ ಪೊಟ್ಟಣದ ಮೇಲೆ ಸಾವಯವ ಎಂದು ಬರೆಯುವಂತಿಲ್ಲ. ಬಳಕೆದಾರರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿ ಇದೆ. ಹಲವು ಪದಾರ್ಥ ಸೇರಿದ ತಿಂಡಿಯಾದರೆ ಎನ್‌ಪಿಒಪಿಯಲ್ಲಿ, ನೀರು ಉಪ್ಪು ಬಿಟ್ಟು, ಕನಿಷ್ಠ ಶೇ. 95ರಷ್ಟು ಪ್ರಮಾಣಿತ ಸಾವಯವವೇ ಆಗಿರಬೇಕು. ನಿಪ್ಪಟ್ಟನ್ನೇ ತೆಗೆದುಕೊಳ್ಳಿ. ನವಣೆ ಸಾವಯವವಾಗಿದ್ದು, ಅದು ಹೀರಿಕೊಂಡ ಎಣ್ಣೆ ಮಾಮೂಲಿ ಅಂಗಡಿಯದಾದರೆ ಆ ಲೆಕ್ಕ ತಪ್ಪಿಹೋಗುತ್ತದೆ. ಒಂದು ವರ್ಷ ಸಾವಯವ ಶೇಂಗಾ ಸಿಗದಿದ್ದರೂ ಅಷ್ಟೇ. ಆ ಪದ ಬ್ರ್ಯಾಂಡಿನ ಹೆಸರೊಳಗೇ ಕೂತಿದ್ದರೆ ಆ ವರ್ಷ ಹೆಸರನ್ನೇ ಬದಲಿಸಬೇಕಾದ ಪರಿಸ್ಥಿತಿ ಬರುತ್ತದೆ. ಸಾವಯವ ಪ್ರಮಾಣೀಕರಣದ ಲಾಂಛನ ಈ ಮಾತನ್ನು ಹೇಳಲೆಂದೇ ಇದೆ. ಹೆಸರಿಗೂ ಅಡಿಬರಹಕ್ಕೂ ಆ ಹೊರೆ ಬೇಡ.

ಈಗ ಒಂದು ಕಾಲ್ಪನಿಕ ಸಂಘವನ್ನು ಇಟ್ಟುಕೊಂಡು ನೋಡೋಣ. ತುಮಕೂರು ಜಿಲ್ಲೆಯ ರೈತ ಮಹಿಳೆಯರು ನವಣೆ ನಿಪ್ಪಟ್ಟು, ಸಾಮೆ ಚಕ್ಕುಲಿ ಮಾಡುತ್ತಾರೆ ಎಂದುಕೊಳ್ಳಿ. ಮೊದಲ ಪಟ್ಟಿಯ ‘ಸಾವಯವ ಸಿರಿ’, ‘ಗರಿಗರಿ’, ‘ಧಾನ್ಯಲಕ್ಷ್ಮಿ’ ಮೇಲಿನ ಕಾರಣಗಳಿಂದಲೇ ಬಿದ್ದುಹೋಗುತ್ತವೆ. ‘ಕುರುಕುರು’ ಎಂಬುದು ಕುರ್ಕುರೆಗೆ ತೀರಾ ಹತ್ತಿರ. ಹಾಗಾಗಿ ಅವರು ಹೊಲದ ಕಡೆಗೆ ತಿರುಗುತ್ತಾರೆ. ‘ಅಕ್ಕಡಿ’ ಚೆನ್ನಾಗಿದೆ. ರಾಗಿಯ ನಡುವೆ ಅವರೆ, ತೊಗರಿ ಬಿತ್ತುವ ಅಕ್ಕಡಿ ಸಾಲು ಆ ಸೀಮೆಯ ರೈತರಿಗೆ ನಿತ್ಯದ ಮಾತು. ಆದರೆ ಫೋನಿನಲ್ಲಿ ಹೇಳಿದಾಗ ಅದು ‘ಅಕ್ಕಿ’ ಎಂದು ಕೇಳಿಸಬಹುದು. ಅಕ್ಕಿಗೆ ಬದಲಾಗಿ ಬಂದ ತಿಂಡಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇಡ. ಮುಂದಿನದು ‘ಒಕ್ಕಣೆ’. ಮೂರೇ ಅಕ್ಷರ, ಕಣದ ನೆನಪು, ತಿಂಡಿಯ ಗುಣವನ್ನು ವರ್ಣಿಸುವುದಿಲ್ಲ. ನಾಳೆ ಲಾಡು, ದೋಸೆ ಹಿಟ್ಟು ಮಾಡಿದರೂ ಹೊಂದುತ್ತದೆ.

ಆ ಕೊನೆಯ ಗುಣಕ್ಕೆ ಬೆಲೆ ಹೆಚ್ಚು. ಬೆಂಗಳೂರಿನಲ್ಲಿ ಬೆಳೆದು 2021ರಲ್ಲಿ ಟಾಟಾ ಕನ್ಸ್ಯೂಮರ್ ಕೈಸೇರಿದ ‘ಸೋಲ್‌ಫುಲ್’ ತನ್ನ ಹೆಸರಿನಲ್ಲಿ ಧಾನ್ಯವನ್ನು ಕಟ್ಟಿಹಾಕಿಕೊಂಡಿರಲಿಲ್ಲ. ರಾಗಿ ಬರುವುದು ‘ರಾಗಿ ಬೈಟ್ಸ್’ ಎಂಬ ತಿಂಡಿಯ ಹೆಸರಿನಲ್ಲಿ. ಹಾಗಾಗಿ ಅದೇ ಹೆಸರಿನಡಿ ಮ್ಯೂಸ್ಲಿಯನ್ನೂ ಮಾರಲು ಅಡ್ಡಿಯಾಗಲಿಲ್ಲ.

‘ಒಕ್ಕಣೆ’ಯಲ್ಲಿ ಒಂದು ಕೊರತೆ ಇದೆ. ಪಟ್ಟಣದ ಹುಡುಗರಿಗೆ ಅದು ಕಾಗದದ ಒಕ್ಕಣೆಯಾಗಿ ಕಾಣಬಹುದು, ತಿಂಡಿ ಎಂಬ ಸುಳಿವಂತೂ ಇಲ್ಲ. ಅಡಿಬರಹ ತುಂಬಬೇಕಾದದ್ದು ಈ ಜಾಗವನ್ನು. ‘ಆರೋಗ್ಯವೇ ಭಾಗ್ಯ’ ಎಂದರೆ ಏನೂ ತುಂಬುವುದಿಲ್ಲ, ಆಸ್ಪತ್ರೆಗೂ ಅದು ಸಲ್ಲುತ್ತದೆ. ‘ಸಕ್ಕರೆ ಕಾಯಿಲೆಗೆ ಸವಿಮದ್ದು’ ಎಂದರೆ ಕಾನೂನು ಒಪ್ಪುವುದಿಲ್ಲ. ಆಹಾರವು ಕಾಯಿಲೆ ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳಲು 2018ರ ಜಾಹೀರಾತು ನಿಯಮಗಳಲ್ಲಿ ಅವಕಾಶವಿಲ್ಲ. ‘ನಾರಿನಂಶ ಹೆಚ್ಚು’ ಎನ್ನಬೇಕಾದರೆ 100 ಗ್ರಾಂ ತಿಂಡಿಯಲ್ಲಿ ಕನಿಷ್ಠ 6 ಗ್ರಾಂ ನಾರಿರಬೇಕು, ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಇಟ್ಟುಕೊಳ್ಳಬೇಕು.

ಕೊನೆಗೆ ಉಳಿಯುವುದು ಸರಳವಾದ ಒಂದು ಸಾಲು: ‘ಒಕ್ಕಣೆ – ಸಂಜೆ ಕಾಫಿಗೆ ಸಿರಿಧಾನ್ಯದ ಕುರುಕಲು’. ಎಲ್ಲಿಂದ ಬಂತು ಎಂಬುದನ್ನು ಹೆಸರು ಹೇಳಿತು. ಏನು, ಯಾವಾಗ, ಹೇಗೆ ಎಂಬುದನ್ನು ಅಡಿಬರಹ ಹೇಳಿತು. ಹೆಸರಿಗೆ ಬೇಡವಾದ ವರ್ಣನೆಯ ಪದಗಳೆಲ್ಲ ಅಡಿಬರಹದಲ್ಲಿ ಕೆಲಸಕ್ಕೆ ಬಂದವು. ಇಲ್ಲೊಂದು ಷರತ್ತೂ ಇದೆ. ಸಿರಿಧಾನ್ಯ ಎಂದು ಎದ್ದು ಕಾಣುವಂತೆ ಬರೆದ ಮೇಲೆ ಅದು ಶೇಕಡ ಎಷ್ಟಿದೆ ಎಂಬುದನ್ನು ಲೇಬಲ್ಲಿನಲ್ಲಿ ನಮೂದಿಸಬೇಕು. ನಿಪ್ಪಟ್ಟು ಬಿರಿಯದಿರಲೆಂದು ಅಕ್ಕಿಹಿಟ್ಟು, ಮೈದಾ ಸೇರಿಸುತ್ತಾ ಹೋಗಿ ನವಣೆ ಕಾಲುಭಾಗಕ್ಕೆ ಇಳಿದಿದ್ದರೆ ಪೊಟ್ಟಣದ ಹಿಂಭಾಗ ಮುಂಭಾಗವನ್ನು ಸುಳ್ಳು ಮಾಡುತ್ತದೆ. ಆಗ ತಿದ್ದಬೇಕಾದದ್ದು ತಿಂಡಿಯ ಅಳತೆಯನ್ನು.

ಹೆಸರು ಮನಸ್ಸಿಗೆ ಬಂದಷ್ಟಕ್ಕೇ ಪೊಟ್ಟಣ ಅಚ್ಚು ಹಾಕಿಸಬಾರದು. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಧಾನ್ಯದ ತಿಂಡಿಗಳು ಬರುವ 30ನೇ ವರ್ಗದಲ್ಲಿ, ಉಚ್ಚಾರಣೆಯ ಹೋಲಿಕೆಯನ್ನೂ ಸೇರಿಸಿ, ಯಾರಾದರೂ ಉಚಿತವಾಗಿ ಹುಡುಕಬಹುದು. ಈ ಬರಹದ ‘ಒಕ್ಕಣೆ’ಯನ್ನು ಬಳಸಹೊರಟವರೂ ಮೊದಲು ಅಲ್ಲಿ ನೋಡಲೇಬೇಕು. ರೋಟೋಗ್ರೇವರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಸಬೇಕು, ಹೆಸರು ಬದಲಾದರೆ ಅದನ್ನು ಮತ್ತೆ ಮಾಡಿಸಬೇಕು. ಆದ್ದರಿಂದ ಮೊದಲ ಕೆಲವು ತಿಂಗಳು ಸಾದಾ ಪೊಟ್ಟಣಕ್ಕೆ ಸ್ಟಿಕ್ಕರ್ ಅಂಟಿಸಿ ಮಾರುವುದು ಜಾಣತನ. ಅಷ್ಟರಲ್ಲಿ ಅಡಿಬರಹವನ್ನು ಎರಡು ಮೂರು ಸಲ ಬದಲಿಸಿ ನೋಡಬಹುದು. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಒಮ್ಮೆ ನೋಂದಣಿಯಾದ ಹೆಸರು 10 ವರ್ಷ ಊರ್ಜಿತದಲ್ಲಿರುತ್ತದೆ, ಬಳಿಕ ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು.